ಹದಿನಾಲ್ಕು ಜಿಲ್ಲೆಗಳ ಕೋಷ್ಟಕ, ನಾಲ್ಕು ಸಾಲಿನ ಸ್ಲೈಡ್: ಕೊನೆಯ ಬೆಂಚಿಗೂ ಕಾಣುವಂತೆ ಮಾಡುವ ಬಗೆ

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ರಕ್ಷಕರ ಸಭೆಯ ದಿನ ಮಕ್ಕಳಿಂದ ಒಂದು ಸೆಮಿನಾರ್ ಮಾಡಿಸಿದ್ದೆ. ವಿಷಯ, ಜನಗಣತಿ. ಕೇರಳದ 14 ಜಿಲ್ಲೆಗಳ ಜನಸಂಖ್ಯೆಯ ಕೋಷ್ಟಕವನ್ನು ಇದ್ದ ಹಾಗೆಯೇ ತಂದು ಸ್ಲೈಡಿಗೆ ಅಂಟಿಸಿದ್ದು ನಾನೇ. ಹುಡುಗಿ ಚೆನ್ನಾಗಿಯೇ ಮಾತಾಡುತ್ತಿದ್ದಳು. ಎರಡು ನಿಮಿಷ ಆಗಿರಲಿಲ್ಲ, ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. "ಮಾಷ್ಟ್ರೇ, ಅಲ್ಲಿ ಎಂತ ಬರೆದದ್ದು? ಇಲ್ಲಿಗೆ ಒಂದೂ ಕಾಣುವುದಿಲ್ಲ" ಅಂದರು. ಹುಡುಗಿ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ತಪ್ಪು ಏನೂ ಇರಲಿಲ್ಲ.

ಅದಾದ ಮೇಲೆ ದೊಡ್ಡ ಕೋಷ್ಟಕವನ್ನು ಸ್ಲೈಡಿಗೆ ಇಳಿಸುವ ಕೆಲಸವನ್ನು ನಾನು ಕಲಿತುಕೊಂಡೆ. ಆ ದಿನದ ಕೋಷ್ಟಕವನ್ನೇ ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಮ್ಮ ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಉಬುಂಟು ಮತ್ತು ಲಿಬ್ರೆ ಆಫೀಸ್. ಹಾಗಾಗಿ ಕ್ಯಾಲ್ಕ್ ಮತ್ತು ಇಂಪ್ರೆಸ್ ಹಿಡಿದೇ ವಿವರಿಸುತ್ತೇನೆ. ಎಕ್ಸೆಲ್, ಪವರ್‌ಪಾಯಿಂಟ್ ಬಳಸುವವರಿಗೂ ಲೆಕ್ಕ ಇದೇ. ಮೆನುವಿನ ಹೆಸರುಗಳು ಮಾತ್ರ ಸ್ವಲ್ಪ ಬೇರೆ.

ನಮ್ಮ ಕೈಯಲ್ಲಿದ್ದದ್ದು ಇದು. ಜನಗಣತಿಯವರು ಕೊಡುವ ಹಾಗೆ ಬಡಗಿನಿಂದ ತೆಂಕಿಗೆ, ಕಾಸರಗೋಡಿನಿಂದಲೇ ಶುರು.

| ಜಿಲ್ಲೆ | 2001 | 2011 |
|---|---|---|
| ಕಾಸರಗೋಡು | 12,04,078 | 13,07,375 |
| ಕಣ್ಣೂರು | 24,08,956 | 25,23,003 |
| ವಯನಾಡು | 7,80,619 | 8,17,420 |
| ಕಲ್ಲಿಕೋಟೆ | 28,79,131 | 30,86,293 |
| ಮಲಪ್ಪುರಂ | 36,25,471 | 41,12,920 |
| ಪಾಲಕ್ಕಾಡು | 26,17,482 | 28,09,934 |
| ತೃಶ್ಶೂರು | 29,74,232 | 31,21,200 |
| ಎರ್ನಾಕುಳಂ | 31,05,798 | 32,82,388 |
| ಇಡುಕ್ಕಿ | 11,29,221 | 11,08,974 |
| ಕೊಟ್ಟಾಯಂ | 19,53,646 | 19,74,551 |
| ಆಲಪ್ಪುಳ | 21,09,160 | 21,27,789 |
| ಪತ್ತನಂತಿಟ್ಟ | 12,34,016 | 11,97,412 |
| ಕೊಲ್ಲಂ | 25,85,208 | 26,35,375 |
| ತಿರುವನಂತಪುರ | 32,34,356 | 33,01,427 |
| ಒಟ್ಟು | 3,18,41,374 | 3,34,06,061 |

ತಲೆಸಾಲು, 14 ಜಿಲ್ಲೆ, ಒಟ್ಟು. ಎಲ್ಲ ಸೇರಿ 16 ಸಾಲು. ಓದುವವರ ಕೈಯಲ್ಲಿ ಕಾಗದವಾಗಿ ಇದ್ದರೆ ಇದು ಒಳ್ಳೆಯ ಕೋಷ್ಟಕವೇ. ಬೇಕಾದ ಜಿಲ್ಲೆಯನ್ನು ಬೆರಳಿಟ್ಟು ಹುಡುಕಬಹುದು. ಗೋಡೆಯ ಮೇಲೆ ಮೂಡಿ ಒಂದು ನಿಮಿಷಕ್ಕೆ ಮಾಯವಾಗುವ ಸ್ಲೈಡಿನಲ್ಲಿ ಹಾಗೆ ಹುಡುಕಲು ಯಾರಿಗೂ ಸಮಯ ಇರುವುದಿಲ್ಲ.

ಎಷ್ಟು ಸಾಲು ಹಿಡಿಯುತ್ತದೆ? ಮೊದಲು ಅಳತೆ

ಸಾಲುಗಳನ್ನು ಏಕೆ ಕಡಿಮೆ ಮಾಡಬೇಕು ಎಂಬುದು ರುಚಿಯ ಮಾತಲ್ಲ, ಜಾಗದ ಲೆಕ್ಕ. ಇಂಪ್ರೆಸ್‌ನ ಅಗಲ ಸ್ಲೈಡ್ 28 ಸೆಂಟಿಮೀಟರ್ ಅಗಲ, 15.75 ಸೆಂಟಿಮೀಟರ್ ಎತ್ತರ. ಮೇಲೆ ಕೆಳಗೆ ಎರಡೂ ಸೇರಿ ಅಂಚಿಗೆ ಒಂದೂವರೆ ಸೆಂಟಿಮೀಟರ್ ಬಿಡಿ. ಶೀರ್ಷಿಕೆಗೆ 3, ಕೆಳಗಿನ ಸಣ್ಣ ಟಿಪ್ಪಣಿಗೆ ಒಂದೂಕಾಲು. ಕೋಷ್ಟಕಕ್ಕೆ ಉಳಿಯುವುದು 10 ಸೆಂಟಿಮೀಟರ್.

ಇನ್ನು ಅಕ್ಷರ. ಒಂದು ಪಾಯಿಂಟ್ ಅಂದರೆ ಸುಮಾರು 0.035 ಸೆಂಟಿಮೀಟರ್. ಇಂಗ್ಲಿಷ್ ಸಾಲಿಗೆ ಅಕ್ಷರದ ಅಳತೆಗಿಂತ ಸ್ವಲ್ಪವೇ ಜಾಸ್ತಿ ಎತ್ತರ ಸಾಕು. ಕನ್ನಡಕ್ಕೆ ಸಾಲದು. ನಮ್ಮಲ್ಲಿ ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ. "ಪತ್ತನಂತಿಟ್ಟ" ಎಂದು ಬರೆದು ನೋಡಿ. ತ್ತ, ಟ್ಟ ಎರಡೂ ಕೆಳಕ್ಕೆ ಇಳಿಯುತ್ತವೆ. ಅದಕ್ಕಾಗಿ ನಾನು ಅಕ್ಷರದ ಅಳತೆಯ 1.6 ಪಟ್ಟು ಎತ್ತರವನ್ನು ಸಾಲಿಗೆ ಹಿಡಿಯುತ್ತೇನೆ.

ಈಗ ಭಾಗಿಸಿ ನೋಡೋಣ. 10 ಸೆಂಟಿಮೀಟರಿನಲ್ಲಿ 16 ಸಾಲು ಅಂದರೆ ಒಂದು ಸಾಲಿಗೆ 0.625 ಸೆಂಟಿಮೀಟರ್, ಅಂದರೆ ಸುಮಾರು 18 ಪಾಯಿಂಟ್. ಅದನ್ನು 1.6ರಿಂದ ಭಾಗಿಸಿದರೆ ಅಕ್ಷರಕ್ಕೆ ಸಿಗುವುದು 11 ಪಾಯಿಂಟ್. ಪುಸ್ತಕದ ಅಕ್ಷರದ ಅಳತೆ ಅದು. ಅವತ್ತು ಆ ಹಿರಿಯರಿಗೆ ಕಾಣದೆ ಹೋದದ್ದು ಇದಕ್ಕೇ. ಅದೇ 10 ಸೆಂಟಿಮೀಟರಿನಲ್ಲಿ 4 ಸಾಲು ಇಟ್ಟರೆ ಅಕ್ಷರ 44 ಪಾಯಿಂಟಿನವರೆಗೆ ಹೋಗಬಹುದು. 5 ಸಾಲಾದರೆ 35, 6 ಸಾಲಾದರೆ 29. ಏಳನೆಯ ಸಾಲು ಸೇರಿಸಿದರೆ 25ಕ್ಕೆ ಇಳಿಯುತ್ತದೆ. ಕನ್ನಡ ಅಕ್ಷರ 28 ಪಾಯಿಂಟಿಗಿಂತ ಕೆಳಗೆ ಹೋದರೆ ನಮ್ಮ ತರಗತಿಯ ಹಿಂದಿನ ಬೆಂಚಿಗೆ ಕಷ್ಟ ಎಂಬುದು ನನ್ನ ಅನುಭವ. ಹಾಗಾಗಿ ತಲೆಸಾಲು ಸೇರಿ ಆರು ಸಾಲು, ಅದು ನನ್ನ ಗಡಿ. ನಾಲ್ಕಾದರೆ ಬಹಳ ಒಳ್ಳೆಯದು.

ಹೇಳಬೇಕಾದ ಮಾತನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಒಂದು ವಾಕ್ಯ ಬರೆಯಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಯಾವ ಸಾಲು ಅಳಿಸಬೇಕು ಎಂದು ಗೊತ್ತಾಗದೆ, ಕೊನೆಗೆ ಎಲ್ಲವನ್ನೂ ಉಳಿಸಿಕೊಂಡು ಅಕ್ಷರವನ್ನು ಮಾತ್ರ ಚಿಕ್ಕದು ಮಾಡುತ್ತಾರೆ.

ನಮ್ಮ ಹುಡುಗಿ ಹೇಳಬೇಕಿದ್ದದ್ದು "ಕಾಸರಗೋಡಿನ ಜನಸಂಖ್ಯೆ ಬೇಗ ಬೆಳೆಯುತ್ತಿದೆ" ಎಂದು. ಇದು ಇನ್ನೂ ವಾಕ್ಯ ಆಗಿಲ್ಲ. ಬೇಗ ಅಂದರೆ ಯಾವ ಲೆಕ್ಕದಲ್ಲಿ? ಇಲ್ಲಿ ಎರಡು ದಾರಿ ಇವೆ. ಎರಡೂ ಬೇರೆ ಬೇರೆ ಕಡೆಗೆ ಹೋಗುತ್ತವೆ.

ಶೇಕಡಾವಾರು ನೋಡಿದರೆ ಕಾಸರಗೋಡಿನಲ್ಲಿ ಹತ್ತು ವರ್ಷದಲ್ಲಿ 8.6ರಷ್ಟು ಏರಿಕೆ. 14 ಜಿಲ್ಲೆಗಳಲ್ಲಿ ಮಲಪ್ಪುರಂ ಬಿಟ್ಟರೆ ನಾವೇ ಮುಂದೆ. ಆದರೆ ತಲೆ ಎಣಿಸಿ ನೋಡಿದರೆ ನಮ್ಮಲ್ಲಿ ಹೆಚ್ಚಾದವರು 1,03,297 ಜನ. ಮಲಪ್ಪುರಂನಲ್ಲಿ ಹೆಚ್ಚಾದವರು 4,87,449. ಕಲ್ಲಿಕೋಟೆ, ಪಾಲಕ್ಕಾಡು, ಎರ್ನಾಕುಳಂ, ತೃಶ್ಶೂರು, ಕಣ್ಣೂರು ಕೂಡ ನಮಗಿಂತ ಮುಂದೆ. ಆ ಲೆಕ್ಕದಲ್ಲಿ ಕಾಸರಗೋಡು ಏಳನೆಯದು. ಕೋಷ್ಟಕ ಒಂದೇ, ಊರು ಒಂದೇ. ಒಂದು ಲೆಕ್ಕದಲ್ಲಿ ಎರಡನೆಯದು, ಇನ್ನೊಂದರಲ್ಲಿ ಏಳನೆಯದು.

ಎರಡೂ ನಿಜ. ಯಾವುದನ್ನು ಹೇಳುತ್ತೇವೆ ಎಂಬುದು ಶೀರ್ಷಿಕೆಯಲ್ಲೇ ಇರಬೇಕು, ಅಷ್ಟೇ. ಶಾಲೆ, ಆಸ್ಪತ್ರೆ, ನೀರು ಎಲ್ಲ ಎಷ್ಟು ಬೇಗ ಸಾಲದೆ ಹೋಗುತ್ತದೆ ಎಂದು ಹೇಳಲು ಶೇಕಡಾವಾರು ಸರಿ. ಹೊಸದಾಗಿ ಎಷ್ಟು ರೇಷನ್ ಅಕ್ಕಿ ಬೇಕು ಎಂದು ಹೇಳಲು ತಲೆ ಎಣಿಕೆಯೇ ಬೇಕು. ನಾವು ಮೊದಲನೆಯದನ್ನು ಆರಿಸಿಕೊಂಡೆವು. ವಾಕ್ಯ ಹೀಗಾಯಿತು: "2001ರಿಂದ 2011ರೊಳಗೆ ಜನಸಂಖ್ಯೆಯ ಶೇಕಡಾವಾರು ಏರಿಕೆಯಲ್ಲಿ ಕಾಸರಗೋಡು ಕೇರಳಕ್ಕೆ ಎರಡನೆಯದು."

ಕ್ಯಾಲ್ಕ್‌ನಲ್ಲಿ ಲೆಕ್ಕ

ಮೂಲ ಹಾಳೆಯನ್ನು ಮುಟ್ಟಬೇಡಿ. ಕೆಳಗೆ ಹಾಳೆಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Move or Copy Sheet...` ಆರಿಸಿ, ಒಂದು ನಕಲು ಮಾಡಿಕೊಳ್ಳಿ. ಮುಂದಿನದೆಲ್ಲ ನಕಲಿನಲ್ಲಿ.

A ಕಾಲಂನಲ್ಲಿ ಜಿಲ್ಲೆ, B ಯಲ್ಲಿ 2001, C ಯಲ್ಲಿ 2011. ಮೊದಲ ಸಾಲು ತಲೆಸಾಲು, 2ರಿಂದ 15ರವರೆಗೆ ಜಿಲ್ಲೆಗಳು. 16ನೆಯ ಸಾಲನ್ನು ಖಾಲಿ ಬಿಟ್ಟು, ಒಟ್ಟನ್ನು 17ಕ್ಕೆ ಸರಿಸಿ. ಈ ಖಾಲಿ ಸಾಲಿಗೆ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ. D2 ರಲ್ಲಿ ಹೀಗೆ ಬರೆದು 15ನೆಯ ಸಾಲಿನವರೆಗೆ ಎಳೆಯಿರಿ:

```
=(C2-B2)/B2*100
```

ಒಟ್ಟಿನ ಸಾಲಿನಲ್ಲಿ ಕ್ರಮವಾಗಿ B17, C17, D17ಕ್ಕೆ:

```
=SUM(B2:B15)
=SUM(C2:C15)
=(C17-B17)/B17*100
```

ಇಲ್ಲಿ ನಿಂತು ಒಮ್ಮೆ ನೋಡಿ. B17 ರಲ್ಲಿ 3,18,41,374 ಮತ್ತು C17 ರಲ್ಲಿ 3,34,06,061 ಬರಬೇಕು. ಬರದಿದ್ದರೆ ಯಾವುದೋ ಒಂದು ಅಂಕೆ ಟೈಪ್ ಮಾಡುವಾಗ ತಪ್ಪಿದೆ, ಅಥವಾ ಯಾವುದೋ ಅಂಕೆ ಅಕ್ಷರವಾಗಿ ಕೂತಿದೆ. ಅಕ್ಷರವಾಗಿ ಕೂತ ಅಂಕೆ ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ. ನಿಜವಾದ ಅಂಕೆ ಬಲಕ್ಕೆ ಇರುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದಾಗ ಇದು ಆಗಾಗ ಆಗುತ್ತದೆ.

D17 ರ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಇಡೀ ಕೇರಳದ ಏರಿಕೆ ಬೇಕಾದಾಗ ಮಕ್ಕಳು ಮೊದಲು ಮಾಡುವುದು 14 ಜಿಲ್ಲೆಗಳ ಶೇಕಡಾ ಅಂಕೆಗಳನ್ನು ಕೂಡಿಸಿ 14ರಿಂದ ಭಾಗಿಸುವುದು. ಹಾಗೆ ಮಾಡಿದರೆ 4.1 ಬರುತ್ತದೆ. ಸರಿಯಾದ ಉತ್ತರ 4.9. ವ್ಯತ್ಯಾಸ ಎಲ್ಲಿಂದ ಬಂತು? ಎಂಟು ಲಕ್ಷ ಜನರ ವಯನಾಡಿಗೂ ನಲವತ್ತು ಲಕ್ಷ ಮೀರಿದ ಮಲಪ್ಪುರಂಗೂ ಆ ಸರಾಸರಿಯಲ್ಲಿ ಒಂದೇ ತೂಕ ಸಿಕ್ಕಿಬಿಟ್ಟಿತು. ಜಾಸ್ತಿ ಬೆಳೆದದ್ದು ದೊಡ್ಡ ಜಿಲ್ಲೆ, ಆದ್ದರಿಂದ ನಿಜವಾದ ಅಂಕೆ ಮೇಲಿದೆ. ಸ್ಲೈಡಿನಲ್ಲಿ ಪೂರ್ಣ ಅಂಕೆ ಹಾಕುವಾಗ ಒಂದು 4 ಆಗುತ್ತದೆ, ಇನ್ನೊಂದು 5 ಆಗುತ್ತದೆ. ಸಾಲುಗಳನ್ನು ಒಟ್ಟು ಮಾಡುವಾಗ ಯಾವಾಗಲೂ ಮೂಲ ಸಂಖ್ಯೆಗಳನ್ನು ಕೂಡಿಸಿ, ಆಮೇಲೆ ಶೇಕಡಾ ತೆಗೆಯಬೇಕು. "ಉಳಿದ ಜಿಲ್ಲೆಗಳು" ಎಂಬ ಸಾಲು ಮಾಡುವುದಾದರೂ ಇದೇ ನಿಯಮ.

ಈಗ ಏರಿಕೆ ಜಾಸ್ತಿ ಇರುವ ಜಿಲ್ಲೆ ಮೇಲೆ ಬರುವಂತೆ ಜೋಡಿಸಿ. ಕೋಷ್ಟಕದ ಒಳಗೆ ಎಲ್ಲಾದರೂ ಒಂದು ಕೋಶದಲ್ಲಿ ಕ್ಲಿಕ್ ಮಾಡಿ, `Data` ಮೆನುವಿನಲ್ಲಿ `Sort...` ತೆರೆಯಿರಿ. D ಕಾಲಂ, `Descending`. 16ನೆಯ ಸಾಲು ಖಾಲಿ ಇರುವುದರಿಂದ ಕ್ಯಾಲ್ಕ್ ಅಲ್ಲಿಗೇ ನಿಲ್ಲುತ್ತದೆ. ಒಟ್ಟಿನ ಸಾಲು ಜಿಲ್ಲೆಗಳ ನಡುವೆ ನುಗ್ಗುವುದಿಲ್ಲ.

ಒಂದೇ ಕಾಲಂ ಆಯ್ದುಕೊಂಡು ಜೋಡಿಸಲು ಹೋದರೆ `Extend selection` ಮತ್ತು `Current selection` ಎಂದು ಕೇಳುತ್ತದೆ. ಎರಡನೆಯದನ್ನು ಒತ್ತಿದರೆ ಹೆಸರುಗಳು ಒಂದು ಕಡೆ, ಅಂಕೆಗಳು ಇನ್ನೊಂದು ಕಡೆ ಆಗುತ್ತವೆ. ನೋಡಲು ಕೋಷ್ಟಕ ಅಚ್ಚುಕಟ್ಟಾಗಿಯೇ ಇರುತ್ತದೆ, ಅದೇ ಅಪಾಯ. ಜೋಡಿಸಿದ ಕೂಡಲೇ ಒಂದು ಸಾಲನ್ನು ಮೂಲ ಹಾಳೆಯ ಜೊತೆ ಹೋಲಿಸಿ ನೋಡಿ. ಕಾಸರಗೋಡಿನ ಪಕ್ಕದಲ್ಲಿ 12,04,078 ಇಲ್ಲದಿದ್ದರೆ `Ctrl+Z`.

ಯಾವ ನಾಲ್ಕು ಸಾಲು?

ಜೋಡಿಸಿದ ಮೇಲೆ ಮೇಲ್ತುದಿಯಲ್ಲಿ ಮಲಪ್ಪುರಂ, ಆಮೇಲೆ ಕಾಸರಗೋಡು, ಪಾಲಕ್ಕಾಡು, ಕಲ್ಲಿಕೋಟೆ. ಕೆಳತುದಿಯಲ್ಲಿ ಇಡುಕ್ಕಿ ಮತ್ತು ಪತ್ತನಂತಿಟ್ಟ. ಆ ಎರಡು ಜಿಲ್ಲೆಗಳಲ್ಲಿ ಜನ ಕಡಿಮೆಯೇ ಆಗಿದ್ದಾರೆ.

ನಾನು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದನ್ನು ತೆಗೆದರೆ ನಮ್ಮ ವಾಕ್ಯ ನಿಲ್ಲುತ್ತದೆಯೇ?

ಕಾಸರಗೋಡು ಇರಲೇಬೇಕು, ಮಾತೇ ಅದರದ್ದು. "ಎರಡನೆಯದು" ಎಂದ ಮೇಲೆ ಮೊದಲನೆಯದು ಯಾವುದು ಎಂದು ಎಲ್ಲರೂ ಕೇಳುತ್ತಾರೆ, ಹಾಗಾಗಿ ಮಲಪ್ಪುರಂ ಬೇಕು. 8.6 ಜಾಸ್ತಿಯೋ ಕಡಿಮೆಯೋ ಎಂದು ತಿಳಿಯಲು ಒಂದು ಅಳತೆಗೋಲು ಬೇಕು, ಅದು ಇಡೀ ಕೇರಳದ ಸಾಲು. ನಾಲ್ಕನೆಯದು ಪತ್ತನಂತಿಟ್ಟ. ಅದನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ, ನಿಜ. ಆದರೂ ನಾನು ಉಳಿಸಿಕೊಂಡೆ. ಬರೀ ಏರಿಕೆಯ ಸಾಲುಗಳನ್ನೇ ತೋರಿಸಿದರೆ ಕೇರಳದಲ್ಲಿ ಎಲ್ಲ ಕಡೆಯೂ ಜನ ಹೆಚ್ಚುತ್ತಿದ್ದಾರೆ ಎಂಬ ತಪ್ಪು ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಸಾಲು ಕಡಿಮೆ ಮಾಡುವವರಿಗೆ ಈ ಜವಾಬ್ದಾರಿ ಇದ್ದೇ ಇದೆ. ತೋರಿಸದ ಹನ್ನೊಂದು ಸಾಲುಗಳ ಬಗ್ಗೆಯೂ ಸ್ಲೈಡ್ ಸುಳ್ಳು ಹೇಳಬಾರದು. ಎರಡು ತುದಿಗಳನ್ನೂ ತೋರಿಸಿದರೆ ಉಳಿದವೆಲ್ಲ ಅವುಗಳ ನಡುವೆ ಇವೆ ಎಂದು ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ.

ಕಣ್ಣೂರು ಬಿಡುವುದು ನನಗೆ ಕಷ್ಟವಾಯಿತು. ನಮ್ಮ ಪಕ್ಕದ ಜಿಲ್ಲೆ, ನಮ್ಮವರು ಹೋಗಿ ಬರುವ ಊರು. ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆದರೆ ಅದರ ಏರಿಕೆ 4.7, ಕೇರಳದ್ದು 4.9. ಪೂರ್ಣ ಅಂಕೆಯಲ್ಲಿ ಎರಡೂ 5. ಹೊಸದಾಗಿ ಏನೂ ಹೇಳದ ಸಾಲು. ಅದನ್ನು ಹುಡುಗಿ ಬಾಯಲ್ಲಿ ಹೇಳಲಿ ಎಂದು ಬಿಟ್ಟೆ.

ಕಾಲಂ ಮತ್ತು ಅಂಕೆಗಳನ್ನು ಕಡಿಮೆ ಮಾಡುವುದು

ವಾಕ್ಯದಲ್ಲಿ ಇರುವುದು ಶೇಕಡಾ ಏರಿಕೆ ಮಾತ್ರ. ಹಾಗಾದರೆ 2001 ಮತ್ತು 2011ರ ಕಾಲಂಗಳು ಬೇಡ. ಅವುಗಳಿಂದಲೇ ಲೆಕ್ಕ ಬಂತು, ಅವು ಕಾಗದದಲ್ಲಿ ಇರಲಿ. ಹೆಸರು ಮತ್ತು ಏರಿಕೆ, ಎರಡೇ ಕಾಲಂ.

ದಶಮಾಂಶವೂ ಬೇಡ. 8.58 ಎಂದು ಗೋಡೆಯ ಮೇಲೆ ನೋಡಿದವರು 9 ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಆ ಕೆಲಸವನ್ನು ನಾವೇ ಮಾಡಿ ಕೊಡೋಣ. ಆದರೆ ಒಂದೇ ಸಲ, ಮೂಲ ಅಂಕೆಯಿಂದ ಮಾಡಬೇಕು. ಮಲಪ್ಪುರಂನ ಏರಿಕೆ 13.445. ಇದನ್ನು ಒಬ್ಬರು 13.45 ಎಂದು ಬರೆದುಕೊಂಡರು ಎನ್ನಿ. ಇನ್ನೊಬ್ಬರು ಅದನ್ನು ನೋಡಿ 13.5 ಮಾಡಿದರು. ಮೂರನೆಯವರು 14 ಮಾಡಿದರು. ಪ್ರತಿ ಹೆಜ್ಜೆಯೂ ನಿಯಮದಂತೆಯೇ ಇದೆ, ಉತ್ತರ ಮಾತ್ರ ತಪ್ಪು. ಮೂಲದಿಂದ ನೇರವಾಗಿ ಮಾಡಿದರೆ 13. ಕ್ಯಾಲ್ಕ್‌ನಲ್ಲಿ D ಕಾಲಂ ಆಯ್ದು `Delete Decimal Place` ಗುಂಡಿ ಒತ್ತುತ್ತಾ ಹೋಗಿ. ಅದು ತೋರಿಸುವ ರೂಪವನ್ನು ಮಾತ್ರ ಬದಲಿಸುತ್ತದೆ, ಒಳಗಿನ ಅಂಕೆ ಹಾಗೇ ಇರುತ್ತದೆ. ಆದ್ದರಿಂದ ಈ ತಪ್ಪು ಆಗುವುದಿಲ್ಲ.

ಪೂರ್ಣ ಅಂಕೆ ಎಲ್ಲ ಕಡೆಯೂ ಸರಿಹೋಗುವುದಿಲ್ಲ. ಪಾಲಕ್ಕಾಡು 7.35, ಕಲ್ಲಿಕೋಟೆ 7.20. ಯಾವುದು ಮುಂದೆ ಎಂಬುದೇ ನಿಮ್ಮ ಮಾತಾಗಿದ್ದರೆ ಎರಡನ್ನೂ 7 ಮಾಡಿ ತೋರಿಸಲು ಬರುವುದಿಲ್ಲ. ಅಲ್ಲಿ ಒಂದು ದಶಮಾಂಶ ಉಳಿಸಬೇಕು. ನಮ್ಮ ನಾಲ್ಕು ಸಾಲುಗಳಲ್ಲಿ 13, 9, 5, −3. ಒಂದಕ್ಕೊಂದು ಸಾಕಷ್ಟು ದೂರ ಇವೆ.

ಆ ಋಣ ಚಿಹ್ನೆಯನ್ನು ನೋಡಿ. 3ರ ಹಿಂದೆ ಒಂದು ಸಣ್ಣ ಗೆರೆ. ಪ್ರೊಜೆಕ್ಟರ್ ಬೆಳಕಿನಲ್ಲಿ, ಕಿಟಕಿ ತೆರೆದ ತರಗತಿಯಲ್ಲಿ ಮೊದಲು ಮಾಯವಾಗುವುದೇ ಅದು. ಹಿಂದಿನ ಬೆಂಚಿನವರು ಪತ್ತನಂತಿಟ್ಟದಲ್ಲಿ 3 ಏರಿತು ಎಂದು ಓದುತ್ತಾರೆ. ಅದಕ್ಕೆ ಚಿಹ್ನೆ ಬಿಟ್ಟು ಪದದಲ್ಲೇ ಬರೆಯಿರಿ. ಕೊನೆಗೆ ಉಳಿದದ್ದು ಇಷ್ಟು:

| | |
|---|---|
| ಮಲಪ್ಪುರಂ | 13% ಏರಿಕೆ |
| ಕಾಸರಗೋಡು | 9% ಏರಿಕೆ |
| ಇಡೀ ಕೇರಳ | 5% ಏರಿಕೆ |
| ಪತ್ತನಂತಿಟ್ಟ | 3% ಇಳಿಕೆ |

ತಲೆಸಾಲು ಬೇಕಾಗಲಿಲ್ಲ. "ಏರಿಕೆ", "ಇಳಿಕೆ" ಎಂದು ಸಾಲಿನಲ್ಲೇ ಇದೆ, ಉಳಿದದ್ದನ್ನು ಶೀರ್ಷಿಕೆ ಹೇಳುತ್ತದೆ. "ಕೇರಳ ಸರಾಸರಿ" ಎಂದು ಬರೆಯದೆ "ಇಡೀ ಕೇರಳ" ಎಂದು ಬರೆದದ್ದಕ್ಕೂ ಕಾರಣ ಇದೆ. ಅದು ಜಿಲ್ಲೆಗಳ ಸರಾಸರಿ ಅಲ್ಲ ಎಂದು ಮೇಲೆ ನೋಡಿದೆವು, ಅಲ್ವಾ?

ಇಂಪ್ರೆಸ್‌ನಲ್ಲಿ ಕಟ್ಟುವುದು

ಕ್ಯಾಲ್ಕ್‌ನಿಂದ ನಕಲು ಮಾಡಿ ಅಂಟಿಸಬೇಡಿ. ಹಾಗೆ ಅಂಟಿಸಿದ್ದು ಎಷ್ಟೋ ಸಲ ಚಿತ್ರದಂತೆ ಒಂದೇ ತುಂಡಾಗಿ ಬರುತ್ತದೆ. ಮೂಲೆ ಹಿಡಿದು ಎಳೆದಾಗ ಅಕ್ಷರವೂ ಅದರ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಳತೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಾಲ್ಕೇ ಸಾಲು ತಾನೇ, ಹೊಸದಾಗಿ ಟೈಪ್ ಮಾಡಿ. `Insert` ಮೆನುವಿನಲ್ಲಿ `Table...`, 2 ಕಾಲಂ, 4 ಸಾಲು.

ಅಕ್ಷರದ ಅಳತೆ 40 ಪಾಯಿಂಟ್ ಇಡಿ. ಲೆಕ್ಕದ ಪ್ರಕಾರ 44ರವರೆಗೆ ಹೋಗಬಹುದು, ಸ್ವಲ್ಪ ಉಸಿರಾಡಲು ಜಾಗ ಇರಲಿ. ಇಲ್ಲಿ ಕನ್ನಡದವರಿಗೆ ಬರುವ ಒಂದು ತೊಡಕು ಇದೆ. ಲಿಬ್ರೆ ಆಫೀಸ್ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಿಗೆ ಒಂದು ಅಳತೆ, ಕನ್ನಡದಂಥ ಲಿಪಿಗಳಿಗೆ ಬೇರೆಯೇ ಒಂದು ಅಳತೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೆಲವೊಮ್ಮೆ "13%" ದೊಡ್ಡದಾಗಿ, ಪಕ್ಕದ "ಏರಿಕೆ" ಸಣ್ಣದಾಗಿಯೇ ಉಳಿಯುತ್ತದೆ. ಹಾಗೆ ಕಂಡರೆ ಕೋಷ್ಟಕವನ್ನು ಆಯ್ದು `Format` ಮೆನುವಿನಲ್ಲಿ `Character...` ತೆರೆಯಿರಿ. `Western` ಎಂದು ಒಂದು ಭಾಗ, ಆವೃತ್ತಿಗೆ ತಕ್ಕಂತೆ `CTL` ಅಥವಾ `Complex` ಎಂದು ಇನ್ನೊಂದು ಭಾಗ ಇರುತ್ತದೆ. ಎರಡರಲ್ಲೂ 40 ಹಾಕಿ.

ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಇರಲಿ, ಲೋಹಿತ್ ಕನ್ನಡವಾದರೂ ಆಗುತ್ತದೆ. ಯೂನಿಕೋಡ್ ಆಗಿರುವುದು ಮುಖ್ಯ. ಹಳೆಯ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕನ್ನಡವನ್ನು ಓರೆ ಅಕ್ಷರದಲ್ಲಿ ಹಾಕಬೇಡಿ. ನಮ್ಮ ಲಿಪಿಯ ದುಂಡು ಕೆಡುತ್ತದೆ, ದೂರಕ್ಕೆ ಗುರುತು ಸಿಗುವುದಿಲ್ಲ.

ಕಾಸರಗೋಡಿನ ಸಾಲು ದಪ್ಪ ಅಕ್ಷರದಲ್ಲಿ ಇರಲಿ, ಹಿಂದೆ ತಿಳಿ ಹಳದಿ ಬಣ್ಣ. ಉಳಿದ ಮೂರು ಸಾಲು ಬಿಳಿಯ ಮೇಲೆ ಕಪ್ಪು. ಅಕ್ಷರಕ್ಕೇ ಕೆಂಪು, ಹಸಿರು ಬಳಿದರೆ ಬೆಳಕಿರುವ ಕೋಣೆಯಲ್ಲಿ ಮಸುಕಾಗುತ್ತದೆ. ನಿಂತ ಗೆರೆಗಳನ್ನೆಲ್ಲ ತೆಗೆದು, ಸಾಲುಗಳ ನಡುವೆ ತೆಳ್ಳಗಿನ ಅಡ್ಡಗೆರೆ ಮಾತ್ರ ಉಳಿಸಿ. ಆ ಗೆರೆ "ಪತ್ತನಂತಿಟ್ಟ"ದ ಒತ್ತಕ್ಷರಕ್ಕೆ ತಾಗಬಾರದು. ತಾಗಿದರೆ ಸಾಲಿನ ಎತ್ತರ ಹೆಚ್ಚಿಸಿ, ಅಕ್ಷರ ಕಡಿಮೆ ಮಾಡಬೇಡಿ. ಅಂಕೆಯ ಕಾಲಂ ಬಲಕ್ಕೆ ಹೊಂದಿರಲಿ.

ಶೀರ್ಷಿಕೆ 36 ಪಾಯಿಂಟಿನಲ್ಲಿ: "ಶೇಕಡಾವಾರು ಏರಿಕೆಯಲ್ಲಿ ಕಾಸರಗೋಡು ಎರಡನೆಯದು". "ಕೇರಳದ ಜನಸಂಖ್ಯೆ" ಎಂಬಂಥ ಶೀರ್ಷಿಕೆ ಬೇಡ. ಅದು ಏನನ್ನೂ ಹೇಳುವುದಿಲ್ಲ. ಉದ್ದ ಜಾಸ್ತಿಯಾದರೆ ಶೀರ್ಷಿಕೆಯ ಪೆಟ್ಟಿಗೆ ತಾನಾಗಿಯೇ ಅಕ್ಷರವನ್ನು ಕುಗ್ಗಿಸುವುದೂ ಉಂಟು, ಒಮ್ಮೆ ನೋಡಿಕೊಳ್ಳಿ. ಕೆಳಗೆ 20 ಪಾಯಿಂಟಿನಲ್ಲಿ ಒಂದೇ ಸಾಲು: "ಜನಗಣತಿ 2001, 2011. 14 ಜಿಲ್ಲೆಗಳಲ್ಲಿ ಮೂರನ್ನು ಮಾತ್ರ ತೋರಿಸಿದೆ." ಇದು ಹಿಂದಿನ ಬೆಂಚಿಗೆ ಕಾಣದಿದ್ದರೂ ನಡೆಯುತ್ತದೆ. ಹುಡುಗಿ ಓದಿ ಹೇಳುತ್ತಾಳೆ.

ಮನೆಯಲ್ಲೇ ಹಿಂದಿನ ಬೆಂಚು

ತರಗತಿಗೆ ಹೋಗದೆಯೇ ಸ್ಲೈಡ್ ಕಾಣುತ್ತದೋ ಇಲ್ಲವೋ ನೋಡಬಹುದು. ಎರಡು ಅಳತೆ ಮೊದಲೇ ತೆಗೆದಿಟ್ಟುಕೊಳ್ಳಿ. ಗೋಡೆಯ ಮೇಲೆ ಬೀಳುವ ಚಿತ್ರದ ಎತ್ತರ, ಮತ್ತು ಅಲ್ಲಿಂದ ಕೊನೆಯ ಬೆಂಚಿಗೆ ಇರುವ ದೂರ. ನಮ್ಮ ತರಗತಿಯಲ್ಲಿ ಚಿತ್ರ 120 ಸೆಂಟಿಮೀಟರ್ ಎತ್ತರ, ಬೆಂಚು 8 ಮೀಟರ್ ದೂರ. 800ನ್ನು 120ರಿಂದ ಭಾಗಿಸಿದರೆ ಸುಮಾರು 6.7. ಅಂದರೆ ಅಲ್ಲಿ ಕೂತವರು ಚಿತ್ರದ ಎತ್ತರದ 6.7 ಪಟ್ಟು ದೂರದಿಂದ ನೋಡುತ್ತಾರೆ.

ಲ್ಯಾಪ್‌ಟಾಪಿನಲ್ಲಿ `F5` ಒತ್ತಿ ಸ್ಲೈಡನ್ನು ಪೂರ್ತಿ ತೆರೆಯಿರಿ. ನನ್ನದರಲ್ಲಿ ಚಿತ್ರದ ಎತ್ತರ 17 ಸೆಂಟಿಮೀಟರ್. ಅದರ 6.7 ಪಟ್ಟು ಅಂದರೆ 114 ಸೆಂಟಿಮೀಟರ್, ಮೂರು ಮುಕ್ಕಾಲು ಅಡಿ. ಅಷ್ಟು ದೂರ ಹಿಂದೆ ಸರಿದು ನಿಂತರೆ ಕೊನೆಯ ಬೆಂಚಿನವರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ನಿಮಗೂ ಕಾಣುತ್ತದೆ. ಪ್ರೊಜೆಕ್ಟರ್ ಬೆಳಕು ಲ್ಯಾಪ್‌ಟಾಪಿನಷ್ಟು ಚುರುಕಲ್ಲ, ಅದಕ್ಕಾಗಿ ಇನ್ನೊಂದು ಹೆಜ್ಜೆ ಹಿಂದೆ ಹೋಗಿ. ಹಳೆಯ 16 ಸಾಲಿನ ಸ್ಲೈಡನ್ನು ಅಲ್ಲಿಂದ ನೋಡಿದಾಗ ಅಂಕೆಗಳೆಲ್ಲ ಇರುವೆ ಸಾಲಿನಂತೆ ಕಂಡವು. ಹೊಸದರಲ್ಲಿ ಟ್ಟ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

ನೀವೇ ಓದಿದರೆ ಸಾಲದು. ಬರೆದದ್ದು ನಿಮಗೆ ಬಾಯಿಪಾಠ ಆಗಿರುತ್ತದೆ, ಕಾಣದಿದ್ದರೂ ಓದಿದ ಹಾಗೆ ಅನ್ನಿಸುತ್ತದೆ. ನೋಡಿರದ ಯಾರನ್ನಾದರೂ ನಿಲ್ಲಿಸಿ ಓದಿಸಿ. ನಾನು ಅಮ್ಮನನ್ನು ನಿಲ್ಲಿಸಿದ್ದೆ. ಅವರು ನಾಲ್ಕೂ ಸಾಲು ಓದಿ, "ಇಡುಕ್ಕಿಯಲ್ಲಿಯೂ ಜನ ಕಡಿಮೆ ಆಗಿದ್ದಾರೋ?" ಎಂದು ಕೇಳಿದರು. ಓದಲು ಆದದ್ದರಿಂದಲೇ ಆ ಪ್ರಶ್ನೆ ಬಂತು.

ಬಿಟ್ಟ ಸಾಲುಗಳು ಎಲ್ಲಿ ಹೋದವು?

ಇಂಥ ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿ ಇರಬೇಕು. ಪೂರ್ತಿ ಕೋಷ್ಟಕವನ್ನು ಶೇಕಡಾ ಕಾಲಂ ಸಹಿತ ಎ4 ಕಾಗದದಲ್ಲಿ ಮುದ್ರಿಸಿ, ಬೆಂಚಿಗೆ ಒಂದರಂತೆ ಕೊಡುತ್ತೇವೆ. ಮಾತಿಗೆ ಮೊದಲೇ ಕೊಟ್ಟರೆ ಎಲ್ಲರೂ ಕಾಗದದಲ್ಲೇ ಮುಳುಗುತ್ತಾರೆ. ಸ್ಲೈಡ್ ತೋರಿಸಿ ಆದ ಮೇಲೆ ಕೊಡಿ. ಅದರ ಜೊತೆಗೆ ಕೊನೆಯ ಸ್ಲೈಡ್ ಆದ ಮೇಲೆ ಪೂರ್ತಿ ಕೋಷ್ಟಕದ ಒಂದು ಸ್ಲೈಡ್ ಇಟ್ಟಿರುತ್ತೇನೆ. ಅದು ಎಲ್ಲರಿಗೂ ಓದಲಿಕ್ಕಲ್ಲ. ಯಾರಾದರೂ ಒಂದು ಜಿಲ್ಲೆಯ ಬಗ್ಗೆ ಕೇಳಿದಾಗ ಹುಡುಗಿ ನೋಡಿ ಹೇಳಲಿಕ್ಕೆ.

ಶಾಲೆಯ ಬೇರೆ ಕಂಪ್ಯೂಟರಿನಲ್ಲಿ ತೋರಿಸುವುದಾದರೆ `File`, `Export As`, `Export as PDF...` ಮೂಲಕ ಒಂದು ಪಿಡಿಎಫ್ ಕೂಡ ಮಾಡಿಟ್ಟುಕೊಳ್ಳಿ. ಅಲ್ಲಿ ಫಾಂಟ್ ಇಲ್ಲದಿದ್ದರೂ ಪಿಡಿಎಫ್‌ನಲ್ಲಿ ಅಕ್ಷರ ಬದಲಾಗುವುದಿಲ್ಲ.

ಮುಂದಿನ ವರ್ಷದ ಸಭೆಯಲ್ಲಿ ಇದೇ ವಿಷಯವನ್ನು ಬೇರೆ ಹುಡುಗನೊಬ್ಬ ಮಾತಾಡಿದ. ಸ್ಲೈಡ್ ಬಂದ ಕೂಡಲೇ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: "ಕಣ್ಣೂರಿನದ್ದು ಎಷ್ಟು ಮಗಾ?" ಅವನು ಕಾಗದ ನೋಡಿ ಹೇಳಿದ, "ಐದರ ಹತ್ತಿರ, ಕೇರಳದಷ್ಟೇ."